ಉಬ್ಬಿದ ಅಭಿಧಮನಿಗಳು ಮತ್ತು ಕಾಲಿನ ಚರ್ಮದ ಕಪ್ಪಾಗುವಿಕೆ

ಉಬ್ಬಿದ ಅಭಿಧಮನಿಗಳು ಅಥವಾ ವೆರಿಕೋಸ್ ವೇನ್ಸ್ ಎಂದರೆ ಚರ್ಮದ ಅಡಿಯಲ್ಲಿ ಹಿಗ್ಗಿ, ಅಂಕುಡೊಂಕಾಗಿ, ನಿಂತಾಗ ಹಗ್ಗದಂತೆ ಎದ್ದು ಕಾಣುವ ರಕ್ತನಾಳಗಳು. ನಿಂತ ಸ್ಥಿತಿಯಲ್ಲಿ ಅಳೆದಾಗ 3 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಅಗಲವಿರುವ ನಾಳಗಳನ್ನು ಮಾತ್ರ ಈ ಹೆಸರಿನಿಂದ ಕರೆಯಲಾಗುತ್ತದೆ. ಇವು ಹೆಚ್ಚಾಗಿ ಕಾಲುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅನೇಕರಲ್ಲಿ ಇವು ವರ್ಷಗಟ್ಟಲೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಹರಡಿನ (ಪಾದವೂ ಕಾಲೂ ಸೇರುವ ಗಂಟಿನ) ಒಳಭಾಗದ ಸುತ್ತ ಚರ್ಮವು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗತೊಡಗಿದರೆ, ರೋಗವು ನಾಳಗಳ ಉಬ್ಬುವಿಕೆಯನ್ನು ದಾಟಿ ಅಂಗಾಂಶದ ಹಾನಿಯ ಹಂತವನ್ನು ತಲುಪಿದೆ ಎಂದು ಪರಿಗಣಿಸಲಾಗುತ್ತದೆ. ಈ ಹಂತದಲ್ಲಿ ಡ್ಯುಪ್ಲೆಕ್ಸ್ ಅಲ್ಟ್ರಾಸೌಂಡ್ ಎಂಬ ಸ್ಕ್ಯಾನ್ ಮೂಲಕ ರಕ್ತದ ಹರಿವನ್ನು ಪರೀಕ್ಷಿಸುವುದು ಅಗತ್ಯ.

## ಕಾಲಿನ ಅಭಿಧಮನಿಗಳ ರಚನೆ ಮತ್ತು ಕಾರ್ಯ

ಅಪಧಮನಿಗಳು ಹೃದಯದಿಂದ ರಕ್ತವನ್ನು ಕಾಲಿಗೆ ಒಯ್ಯುತ್ತವೆ. ಅಭಿಧಮನಿಗಳು ಅದನ್ನು ಹೃದಯಕ್ಕೆ ಹಿಂದಿರುಗಿಸುತ್ತವೆ. ಕಾಲಿನಲ್ಲಿ ಎರಡು ಬಗೆಯ ಅಭಿಧಮನಿಗಳಿವೆ. ಸ್ನಾಯುಗಳ ನಡುವೆ ಇರುವವು ಆಳದ ಅಭಿಧಮನಿಗಳು. ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಇರುವವು ಮೇಲ್ಪದರದ ಅಭಿಧಮನಿಗಳು. ಮೇಲ್ಪದರದ ನಾಳಗಳಲ್ಲಿ ಮುಖ್ಯವಾದುದು ಗ್ರೇಟ್ ಸಫೀನಸ್ ಅಭಿಧಮನಿ. ಅದು ಹರಡಿನ ಒಳಭಾಗದ ಮುಂದುಗಡೆಯಿಂದ ಹೊರಟು, ಕಾಲಿನ ಒಳಪಾರ್ಶ್ವದಲ್ಲಿ ಮೇಲೇರಿ, ತೊಡೆಸಂದಿನಲ್ಲಿ ಆಳದ ಅಭಿಧಮನಿಯನ್ನು ಸೇರುತ್ತದೆ. ಸ್ಮಾಲ್ ಸಫೀನಸ್ ಅಭಿಧಮನಿಯು ಮೀನಖಂಡದ ಹಿಂಭಾಗದಲ್ಲಿ ಸಾಗಿ ಸಾಮಾನ್ಯವಾಗಿ ಮಂಡಿಯ ಹಿಂದೆ ಕೊನೆಗೊಳ್ಳುತ್ತದೆ. ಎರಡೂ ವ್ಯೂಹಗಳನ್ನು ಅಲ್ಲಲ್ಲಿ ಸಣ್ಣ ಸಂಪರ್ಕನಾಳಗಳು ಜೋಡಿಸುತ್ತವೆ.

ಮನುಷ್ಯನು ಅಲುಗಾಡದೆ ನಿಂತಾಗ ಹೃದಯದಿಂದ ಹರಡಿನವರೆಗೆ ಸುಮಾರು 120 ಸೆಂ.ಮೀ. ಎತ್ತರದ ರಕ್ತದ ಕಂಬ ಇರುತ್ತದೆ. ಅದರ ಭಾರದಿಂದಾಗಿ ಹರಡಿನ ಬಳಿಯ ಅಭಿಧಮನಿಯಲ್ಲಿ ಸುಮಾರು 90 ಮಿ.ಮೀ. ಪಾದರಸದಷ್ಟು ಒತ್ತಡ ಉಂಟಾಗುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕುಚಿಸಿ ಆಳದ ನಾಳಗಳನ್ನು ಹಿಂಡುತ್ತವೆ ಮತ್ತು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಾಳಗಳ ಒಳಗಿರುವ ಕವಾಟಗಳು ಮೇಲೇರಿದ ರಕ್ತ ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ಹೀಗೆ ಆರೋಗ್ಯವಂತರಲ್ಲಿ ಕೆಲವು ಹೆಜ್ಜೆಗಳ ನಡಿಗೆಯಲ್ಲಿಯೇ ಈ ಒತ್ತಡವು ಸುಮಾರು 30 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುತ್ತದೆ.

ಕವಾಟಗಳು ಸರಿಯಾಗಿ ಮುಚ್ಚದಿದ್ದರೆ ಮೇಲೇರಿದ ರಕ್ತ ಹಿಮ್ಮುಖವಾಗಿ ಹರಿದು ಹರಡಿನ ಬಳಿ ಮತ್ತೆ ತುಂಬಿಕೊಳ್ಳುತ್ತದೆ. ಇಂಥವರಲ್ಲಿ ನಡೆದರೂ ಒತ್ತಡ ಸಾಕಷ್ಟು ಇಳಿಯುವುದಿಲ್ಲ. ಉಬ್ಬಿದ ನಾಳಗಳು ಈ ಹಿಮ್ಮುಖ ಹರಿವಿನ ಕಣ್ಣಿಗೆ ಕಾಣುವ ಗುರುತು. ಚರ್ಮವನ್ನು ಕೆಡಿಸುವುದು ಇಳಿಯದೆ ಉಳಿದ ಒತ್ತಡ. ಕೌಟುಂಬಿಕ ಹಿನ್ನೆಲೆ, ಹೆಚ್ಚುವ ವಯಸ್ಸು, ಗರ್ಭಧಾರಣೆ, ಬೊಜ್ಜು, ದೀರ್ಘಕಾಲ ನಿಂತು ಮಾಡುವ ಕೆಲಸ ಹಾಗೂ ಹಿಂದೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದುದು ಇದರ ಮುಖ್ಯ ಅಪಾಯಕಾರಕಗಳು.

## ಚರ್ಮ ಕಪ್ಪಾಗುವ ಬಗೆ

ಒತ್ತಡವು ಸತತವಾಗಿ ಹೆಚ್ಚಿರುವಾಗ ಚರ್ಮದ ಲೋಮನಾಳಗಳು ಹಿಗ್ಗಿ, ಅವುಗಳ ಗೋಡೆಯ ಮೂಲಕ ನೀರಿನಂಶದೊಡನೆ ಕೆಂಪು ರಕ್ತಕಣಗಳೂ ಹೊರಗೆ ಜಿನುಗುತ್ತವೆ. ಹೊರಬಿದ್ದ ಕಣಗಳು ಅಲ್ಲಿಯೇ ಒಡೆಯುತ್ತವೆ. ಅವುಗಳ ಹಿಮೋಗ್ಲೋಬಿನ್‌ನಲ್ಲಿದ್ದ ಕಬ್ಬಿಣವು ಹೀಮೋಸಿಡರಿನ್ ಎಂಬ ಕಂದು ವರ್ಣದ್ರವ್ಯವಾಗಿ ಚರ್ಮದಲ್ಲಿ ಶೇಖರವಾಗುತ್ತದೆ. ಇದರ ಜೊತೆಗೆ ನಡೆಯುವ ಉರಿಯೂತವು ಚರ್ಮದ ಸಹಜ ವರ್ಣದ್ರವ್ಯವಾದ ಮೆಲನಿನ್‌ನ ಉತ್ಪತ್ತಿಯನ್ನೂ ಹೆಚ್ಚಿಸುತ್ತದೆ. ಆದ್ದರಿಂದ ತಿಳಿ ಚರ್ಮದವರಲ್ಲಿ ತುಕ್ಕಿನಂತೆ ಕಾಣುವ ಕಲೆಯು ಭಾರತೀಯರಂತಹ ಗಾಢವರ್ಣದ ಚರ್ಮದವರಲ್ಲಿ ಕಡುಕಂದು ಅಥವಾ ಕಪ್ಪಾಗಿ ಕಾಣುತ್ತದೆ. ಇಂಥ ಚರ್ಮದಲ್ಲಿ ಉರಿಯೂತದ ಕೆಂಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡೂ ಕಾಲುಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿ, ಬಿಸಿಯನ್ನೂ ಗಡಸುತನವನ್ನೂ ಕೈಯಿಂದ ಮುಟ್ಟಿ ನೋಡುವುದು ಹೆಚ್ಚು ನಂಬಲರ್ಹ.

ಈ ಕಪ್ಪಾಗುವಿಕೆ ಹರಡಿನ ಒಳಗಂಟಿನ ಮೇಲ್ಭಾಗದಲ್ಲಿ ಆರಂಭವಾಗುವುದು ಸಾಮಾನ್ಯ, ಏಕೆಂದರೆ ಒತ್ತಡದ ಪರಿಣಾಮ ಅಲ್ಲಿ ಅತಿ ಹೆಚ್ಚು. ಅಲ್ಲಿಂದ ಅದು ಕಾಲಿನ ಸುತ್ತ ಪಟ್ಟಿಯಂತೆ ಹರಡಬಹುದು. ಜೊತೆಗೆ ತುರಿಕೆ, ಹೊಟ್ಟು ಏಳುವಿಕೆ ಮತ್ತು ನೀರು ಸೋರುವಿಕೆ ಇದ್ದರೆ ಅದು ಅಭಿಧಮನಿಜನ್ಯ ಎಕ್ಸಿಮಾ. ಇದನ್ನು ಹುಳುಕಡ್ಡಿ ಎಂದು ಭಾವಿಸಿ ತಿಂಗಳುಗಟ್ಟಲೆ ಮುಲಾಮು ಹಚ್ಚುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಮುಲಾಮಿನಿಂದ ತುರಿಕೆ ತಗ್ಗಿದರೂ ಒತ್ತಡ ಹಾಗೆಯೇ ಉಳಿಯುವುದರಿಂದ ತೊಂದರೆ ಮರುಕಳಿಸುತ್ತದೆ.

ರೋಗ ಮುಂದುವರಿದಂತೆ ಚರ್ಮ ಮತ್ತು ಅದರ ಕೆಳಗಿನ ಕೊಬ್ಬು ನಾರುಗಟ್ಟಿ ಹಲಗೆಯಂತೆ ಬಿರುಸಾಗುತ್ತವೆ. ಈ ಸ್ಥಿತಿಗೆ ಲಿಪೊಡರ್ಮಟೋಸ್ಕ್ಲೆರೋಸಿಸ್ ಎಂದು ಹೆಸರು. ಬಿರುಸಾದ ಭಾಗ ಕುಗ್ಗಿ, ಅದರ ಮೇಲಿನ ಮೀನಖಂಡ ಊದಿಕೊಂಡು, ಕಾಲು ತಲೆಕೆಳಗಾಗಿ ನಿಲ್ಲಿಸಿದ ಸೀಸೆಯ ಆಕಾರವನ್ನು ಪಡೆಯುತ್ತದೆ. ಕಪ್ಪು ಚರ್ಮದ ನಡುವೆ ಗಾಯದ ಕಲೆಯಂತಹ ಬಿಳಿ ಮಚ್ಚೆಗಳೂ ಮೂಡಬಹುದು. ಇಂಥ ಚರ್ಮಕ್ಕೆ ಸಣ್ಣ ಪೆಟ್ಟು ಬಿದ್ದರೂ ಅದು ಸುಲಭವಾಗಿ ಮಾಯದ ಹುಣ್ಣಾಗುವ ಸಾಧ್ಯತೆಯಿದೆ.

## ರೋಗದ ಹಂತಗಳು

ಅಭಿಧಮನಿ ರೋಗವನ್ನು ವಿವರಿಸಲು ಸಿಇಎಪಿ ಎಂಬ ವರ್ಗೀಕರಣವನ್ನು ಜಗತ್ತಿನಾದ್ಯಂತ ಬಳಸಲಾಗುತ್ತದೆ. ಇದು 1994ರಲ್ಲಿ ರೂಪುಗೊಂಡು, 2004 ಮತ್ತು 2020ರಲ್ಲಿ ಪರಿಷ್ಕೃತವಾಯಿತು. ಇದರಲ್ಲಿ ಕಣ್ಣಿಗೆ ಕಾಣುವ ಚಿಹ್ನೆಗಳನ್ನು ಹೀಗೆ ವಿಂಗಡಿಸಲಾಗಿದೆ:

* ಸಿ0 – ಕಾಣುವ ಚಿಹ್ನೆಗಳಿಲ್ಲ
* ಸಿ1 – ಜೇಡರಬಲೆಯಂತಹ ಸೂಕ್ಷ್ಮ ನಾಳಗಳು
* ಸಿ2 – ಉಬ್ಬಿದ ಅಭಿಧಮನಿಗಳು
* ಸಿ3 – ಕಾಲಿನ ಬಾವು
* ಸಿ4 – ಚರ್ಮದ ಬದಲಾವಣೆಗಳು (ಕಪ್ಪಾಗುವಿಕೆ, ಎಕ್ಸಿಮಾ, ಬಿರುಸಾಗುವಿಕೆ ಇತ್ಯಾದಿ)
* ಸಿ5 – ಮಾಗಿದ ಹುಣ್ಣು
* ಸಿ6 – ತೆರೆದ ಹುಣ್ಣು

ಕಪ್ಪಾಗುವಿಕೆಯು ಸಿ4ರಲ್ಲಿ ಬರುತ್ತದೆ; ಅಂದರೆ ಹುಣ್ಣಿಗೆ ಮೊದಲಿನ ಹಂತದಲ್ಲಿದೆ. ನಾಳಗಳು ಎಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದಕ್ಕೂ ರೋಗದ ತೀವ್ರತೆಗೂ ನೇರ ಸಂಬಂಧವಿಲ್ಲ. ದಪ್ಪ ನಾಳಗಳಿದ್ದೂ ಚರ್ಮ ಸರಿಯಾಗಿರುವವರಿದ್ದಾರೆ. ಸ್ಥೂಲಕಾಯದವರಲ್ಲಿ ಕೊಬ್ಬಿನ ಕೆಳಗೆ ನಾಳಗಳು ಮರೆಯಾಗಿ, ಕಪ್ಪಾದ ಹರಡೇ ಮೊದಲ ಚಿಹ್ನೆಯಾಗುವುದೂ ಉಂಟು.

## ಕಪ್ಪಾಗುವಿಕೆಯ ಇತರ ಕಾರಣಗಳು

ಕಾಲು ಕಪ್ಪಾದುದೆಲ್ಲವೂ ಅಭಿಧಮನಿ ರೋಗವಲ್ಲ. ಮಧುಮೇಹಿಗಳ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿ, ಸಣ್ಣ ದುಂಡನೆಯ ಕಂದು ಕಲೆಗಳು ಮೂಡುತ್ತವೆ. ಅವು ಹರಡಿನ ಒಳಭಾಗಕ್ಕೆ ಸೀಮಿತವಾಗಿರುವುದಿಲ್ಲ. ಹಳೆಯ ಗಾಯ, ಕೀಟದ ಕಡಿತ ಅಥವಾ ಕಜ್ಜಿ ಮಾಯ್ದ ಬಳಿಕ ಉಳಿಯುವ ಕಲೆಗಳು ಆಯಾ ಜಾಗದಲ್ಲಿ ಮಾತ್ರ ಇರುತ್ತವೆ. ಮಿನೊಸೈಕ್ಲಿನ್‌ನಂತಹ ಕೆಲವು ಔಷಧಿಗಳು ಕಾಲಿನ ಮೇಲೆ ನೀಲಿಮಿಶ್ರಿತ ಕಪ್ಪು ಕಲೆಗಳನ್ನು ಉಂಟುಮಾಡಬಲ್ಲವು.

ಆನೆಕಾಲು ರೋಗದಲ್ಲಿ ದುಗ್ಧರಸ ನಾಳಗಳು ಕೆಟ್ಟು ಕಾಲು ಊದಿಕೊಳ್ಳುತ್ತದೆ. ಕರ್ನಾಟಕದ ಕರಾವಳಿಯ ಹಾಗೂ ಈಶಾನ್ಯ ಭಾಗದ ಕೆಲವು ಜಿಲ್ಲೆಗಳಲ್ಲಿ ಈ ರೋಗ ಬಹುಕಾಲದಿಂದ ಇರುವುದರಿಂದ ಅಲ್ಲಿ ಎರಡನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ. ದುಗ್ಧರಸದ ಬಾವು ಪಾದದ ಮೇಲ್ಭಾಗ ಮತ್ತು ಬೆರಳುಗಳಿಗೂ ವ್ಯಾಪಿಸುತ್ತದೆ. ಎರಡನೆಯ ಕಾಲ್ಬೆರಳಿನ ಬುಡದ ಚರ್ಮವನ್ನು ಚಿವುಟಿ ಮೇಲೆತ್ತಲು ಆಗುವುದಿಲ್ಲ. ಅಭಿಧಮನಿಯ ಬಾವು ಸಾಮಾನ್ಯವಾಗಿ ಬೆರಳುಗಳನ್ನು ಬಿಟ್ಟುಬಿಡುತ್ತದೆ ಮತ್ತು ರಾತ್ರಿ ಮಲಗಿ ಎದ್ದಾಗ ತಗ್ಗಿರುತ್ತದೆ.

ಪ್ರತ್ಯೇಕವಾಗಿ ಗಮನಿಸಬೇಕಾದುದು ಅಪಧಮನಿಯ ತಡೆ. ಇದರಲ್ಲಿ ಕಾಲಿಗೆ ರಕ್ತ ಬರುವುದೇ ಕಡಿಮೆಯಾಗುತ್ತದೆ. ಪಾದ ತಣ್ಣಗಿರುತ್ತದೆ, ನಡೆದಾಗ ಮೀನಖಂಡದಲ್ಲಿ ಹಿಡಿದಂತಹ ನೋವು ಬಂದು ನಿಂತೊಡನೆ ಶಮನವಾಗುತ್ತದೆ, ಕಪ್ಪು ಬಣ್ಣ ಹರಡಿನ ಬದಲು ಬೆರಳ ತುದಿ ಅಥವಾ ಹಿಮ್ಮಡಿಯಲ್ಲಿ ಕಾಣುತ್ತದೆ. ಕಾಲನ್ನು ಮೇಲೆತ್ತಿದರೆ ಅಭಿಧಮನಿ ರೋಗದ ನೋವು ತಗ್ಗುತ್ತದೆ. ಅಪಧಮನಿ ರೋಗದ ನೋವು ಹೆಚ್ಚುತ್ತದೆ. ಬೆರಳು ಕಪ್ಪಾಗಿ ತಣ್ಣಗಾಗಿದ್ದರೆ ಅದು ತುರ್ತು ಸ್ಥಿತಿ.

## ಸ್ಕ್ಯಾನ್ ಯಾವಾಗ ಅಗತ್ಯ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ನೈಸ್ 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಈ ವಿಷಯದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರಂತೆ ಕಾಲುನೋವು, ಭಾರ, ಬಾವು, ತುರಿಕೆ ಮುಂತಾದ ಲಕ್ಷಣಗಳನ್ನು ಕೊಡುವ ಉಬ್ಬಿದ ನಾಳಗಳು. ಕಪ್ಪಾಗುವಿಕೆ ಅಥವಾ ಎಕ್ಸಿಮಾದಂತಹ ಚರ್ಮದ ಬದಲಾವಣೆ. ಮೇಲ್ಪದರದ ನಾಳವು ಗಟ್ಟಿಯಾಗಿ ನೋಯುವುದು. ಎರಡು ವಾರಗಳಲ್ಲಿ ಮಾಯದ ಮಂಡಿ ಕೆಳಗಿನ ಹುಣ್ಣು. ಅಥವಾ ಹಿಂದೆ ಮಾಯ್ದ ಹುಣ್ಣಿನ ಗುರುತು ಇದ್ದಲ್ಲಿ ರೋಗಿಯನ್ನು ರಕ್ತನಾಳ ತಜ್ಞರ ಬಳಿಗೆ ಕಳುಹಿಸಬೇಕು. ಅಲ್ಲಿ ಡ್ಯುಪ್ಲೆಕ್ಸ್ ಸ್ಕ್ಯಾನ್ ಮೂಲಕ ರೋಗವನ್ನು ಖಚಿತಪಡಿಸಿ ಚಿಕಿತ್ಸೆಯನ್ನು ಯೋಜಿಸಲಾಗುತ್ತದೆ. ಯಾವ ಲಕ್ಷಣವೂ ಇಲ್ಲದ, ಚರ್ಮ ಸರಿಯಾಗಿರುವ ಉಬ್ಬಿದ ನಾಳಗಳಿಗೆ ಅಥವಾ ಜೇಡರಬಲೆಯಂತಹ ನಾಳಗಳಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಕಾಯುವಂತಿಲ್ಲ. ಒಂದೇ ಕಾಲು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆಯಿಂದ ಅಂದೇ ವೈದ್ಯರನ್ನು ಕಾಣಬೇಕು. ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಏದುಸಿರು, ಎದೆನೋವು, ರಕ್ತ ಮಿಶ್ರಿತ ಕೆಮ್ಮು ಅಥವಾ ಮೂರ್ಛೆ ಉಂಟಾಗುತ್ತದೆ. ಇದು ಪ್ರಾಣಾಪಾಯದ ಸ್ಥಿತಿ. ಮೇಲ್ಪದರದ ನಾಳದಲ್ಲಿ ಮೂಡಿದ ನೋವಿನ ಗಡಸು ತೊಡೆಸಂದಿನ ಕಡೆಗೆ ಏರುತ್ತಿದ್ದರೂ ಶೀಘ್ರ ಸ್ಕ್ಯಾನ್ ಅಗತ್ಯ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮುವುದು ಇನ್ನೊಂದು ತುರ್ತು ಸ್ಥಿತಿ. ಆಗ ರೋಗಿಯನ್ನು ಮಲಗಿಸಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಸೋರುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಬೇಕು. ರೋಗಿ ನಿಂತೇ ಇದ್ದರೆ ಅಥವಾ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ರಕ್ತಸ್ರಾವ ನಿಲ್ಲದೆ ಅಪಾಯಕಾರಿಯಾಗಬಹುದು. ರಕ್ತ ನಿಂತರೂ ತಡಮಾಡದೆ ತಜ್ಞರನ್ನು ಕಾಣಬೇಕು.

## ಡ್ಯುಪ್ಲೆಕ್ಸ್ ಸ್ಕ್ಯಾನ್

ಡ್ಯುಪ್ಲೆಕ್ಸ್ ಎಂಬುದು ಎರಡು ಪರೀಕ್ಷೆಗಳ ಜೋಡಿ. ಸಾಮಾನ್ಯ ಅಲ್ಟ್ರಾಸೌಂಡ್ ನಾಳದ ಚಿತ್ರವನ್ನು ತೋರಿಸುತ್ತದೆ. ಡಾಪ್ಲರ್ ಅದರೊಳಗಿನ ರಕ್ತ ಯಾವ ದಿಕ್ಕಿನಲ್ಲಿ, ಯಾವ ವೇಗದಲ್ಲಿ ಹರಿಯುತ್ತಿದೆ ಎಂಬುದನ್ನು ತೋರಿಸುತ್ತದೆ. ಇದರಲ್ಲಿ ಎಕ್ಸ್-ರೇ ಕಿರಣಗಳ ಬಳಕೆಯಿಲ್ಲ, ಸೂಜಿಯೂ ಬೇಡ. ಆದ್ದರಿಂದ ಗರ್ಭಿಣಿಯರಿಗೂ ಮಾಡಬಹುದು.

ಪರೀಕ್ಷೆಯ ಮೊದಲ ಉದ್ದೇಶ ಆಳದ ನಾಳಗಳಲ್ಲಿ ಹೆಪ್ಪು ಅಥವಾ ತಡೆ ಇದೆಯೇ ಎಂದು ತಿಳಿಯುವುದು. ಅಲ್ಟ್ರಾಸೌಂಡ್ ಸಲಕರಣೆಯಿಂದ ಮೆಲ್ಲನೆ ಅದುಮಿದಾಗ ಆರೋಗ್ಯವಾಗಿರುವ ಅಭಿಧಮನಿ ಸಂಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಹೆಪ್ಪು ಇದ್ದರೆ ಮುಚ್ಚಿಕೊಳ್ಳುವುದಿಲ್ಲ. ಎರಡನೆಯ ಉದ್ದೇಶ ಹಿಮ್ಮುಖ ಹರಿವನ್ನು ಅಳೆಯುವುದು. ಇದಕ್ಕಾಗಿ ರೋಗಿಯು ಪರೀಕ್ಷಿಸಲ್ಪಡುವ ಕಾಲಿನ ಮೇಲೆ ಭಾರ ಹಾಕದೆ ನಿಂತಿರುತ್ತಾನೆ. ಪರೀಕ್ಷಕರು ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲೇರುತ್ತದೆ. ಬಿಟ್ಟಾಗ ಕವಾಟ ಸರಿಯಿದ್ದರೆ ಹರಿವು ನಿಲ್ಲುತ್ತದೆ. ಮೇಲ್ಪದರದ ನಾಳಗಳಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು, ತೊಡೆ ಮತ್ತು ಮಂಡಿಯ ಆಳದ ನಾಳಗಳಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ರಕ್ತ ಹಿಂದಕ್ಕೆ ಹರಿದರೆ ಕವಾಟ ದೋಷವಿದೆ ಎಂದು ನಿರ್ಣಯಿಸಲಾಗುತ್ತದೆ.

ಹಿಮ್ಮುಖ ಹರಿವಿಗಾಗಿ ಮಾಡುವ ಪರೀಕ್ಷೆಯನ್ನು ರೋಗಿಯನ್ನು ಮಲಗಿಸಿ ಮಾಡಿದರೆ ದೋಷವು ಕಾಣದೆ ಹೋಗಬಹುದು. ಹಾಗೆಯೇ ಹೆಪ್ಪಿಗಾಗಿ ಮಾತ್ರ ಮಾಡಿದ ಸ್ಕ್ಯಾನ್ ವರದಿಯಲ್ಲಿ ಹೆಪ್ಪು ಇಲ್ಲ ಎಂದಿದ್ದರೆ, ಕವಾಟಗಳು ಸರಿಯಾಗಿವೆ ಎಂದು ಅದರ ಅರ್ಥವಲ್ಲ. ಚರ್ಮ ಕಪ್ಪಾದ ರೋಗಿಯ ವರದಿಯಲ್ಲಿ ಯಾವ ನಾಳದಲ್ಲಿ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಹೊತ್ತು ಹಿಮ್ಮುಖ ಹರಿವು ಇದೆ ಎಂಬುದು ನಮೂದಾಗಿರಬೇಕು. ಹೊಟ್ಟೆ ಹಾಗೂ ಕಿಬ್ಬೊಟ್ಟೆಯೊಳಗಿನ ದೊಡ್ಡ ಅಭಿಧಮನಿಗಳು ಕಾಲಿನ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ತೊಡೆಯವರೆಗೆ ಇಡೀ ಕಾಲು ಊದಿದ್ದು ಅಲ್ಲಿ ತಡೆ ಇರುವ ಶಂಕೆಯಿದ್ದರೆ ಸಿಟಿ ಅಥವಾ ಎಂಆರ್‌ಐ ಮೂಲಕ ನೋಡಲಾಗುತ್ತದೆ.

## ಹರಡು–ತೋಳು ಒತ್ತಡ ಅನುಪಾತ

ಅಭಿಧಮನಿ ರೋಗದಲ್ಲಿ ಕಾಲಿಗೆ ಒತ್ತುಪಟ್ಟಿ ಅಥವಾ ಬಿಗಿಯಾದ ವೈದ್ಯಕೀಯ ಕಾಲುಚೀಲ ತೊಡಿಸುವುದು ರೂಢಿ. ಆದರೆ ಅಪಧಮನಿಯಲ್ಲಿಯೂ ತಡೆ ಇದ್ದರೆ ಈ ಬಿಗಿತವು ಮೊದಲೇ ಕಡಿಮೆಯಾಗಿರುವ ರಕ್ತ ಸರಬರಾಜನ್ನು ಇನ್ನಷ್ಟು ತಗ್ಗಿಸಿ ಚರ್ಮ ಕೊಳೆಯಲು ಕಾರಣವಾಗಬಹುದು. ಆದ್ದರಿಂದ ಬಿಗಿಪಟ್ಟಿ ಹಾಕುವ ಮುನ್ನ ಹರಡಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ಅನುಪಾತವನ್ನು ಕಂಡುಕೊಳ್ಳುತ್ತಾರೆ. 0.8ರಿಂದ 1.3ರ ನಡುವೆ ಇದ್ದರೆ ಸಾಮಾನ್ಯವಾಗಿ ಪೂರ್ಣ ಬಿಗಿತ ಸುರಕ್ಷಿತ. 0.5ರಿಂದ 0.8ರ ನಡುವೆ ಇದ್ದರೆ ತಜ್ಞರ ನಿಗಾದಲ್ಲಿ ಕಡಿಮೆ ಬಿಗಿತವನ್ನಷ್ಟೇ ಬಳಸಬಹುದು. 0.5ಕ್ಕಿಂತ ಕಡಿಮೆಯಾದರೆ ಬಿಗಿಪಟ್ಟಿ ಸಲ್ಲದು. ಅಪಧಮನಿಯ ಚಿಕಿತ್ಸೆ ಮೊದಲು ಆಗಬೇಕು. ದೀರ್ಘಕಾಲದ ಮಧುಮೇಹ ಅಥವಾ ಮೂತ್ರಪಿಂಡ ರೋಗದಲ್ಲಿ ಅಪಧಮನಿಗಳ ಗೋಡೆ ಸುಣ್ಣಗಟ್ಟಿ ಪಟ್ಟಿಯ ಒತ್ತಡಕ್ಕೆ ಮಣಿಯುವುದಿಲ್ಲ. ಆಗ ಅನುಪಾತವು 1.3ಕ್ಕಿಂತ ಹೆಚ್ಚು ಬರುತ್ತದೆ. ಇದನ್ನು ಒಳ್ಳೆಯ ಫಲಿತಾಂಶವೆಂದು ಭಾವಿಸಬಾರದು, ಬೆರಳಿನ ಒತ್ತಡದಂತಹ ಬೇರೆ ಪರೀಕ್ಷೆ ಮಾಡಬೇಕಾಗುತ್ತದೆ.

## ಒಂದು ಉದಾಹರಣೆ

ಮೇಲಿನ ಅಂಶಗಳು ಹೇಗೆ ಒಟ್ಟುಗೂಡುತ್ತವೆ ಎಂಬುದನ್ನು ತಿಳಿಯಲು ಕಲ್ಪಿತ ರೋಗಿಯೊಬ್ಬನನ್ನು ತೆಗೆದುಕೊಳ್ಳಬಹುದು. ಹೋಟೆಲಿನ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವ 50 ವರ್ಷದ ವ್ಯಕ್ತಿಯ ಎಡಗಾಲಿನ ಒಳಭಾಗದಲ್ಲಿ ಹತ್ತು ವರ್ಷಗಳಿಂದ ಉಬ್ಬಿದ ನಾಳಗಳಿವೆ. ಎರಡು ವರ್ಷಗಳಿಂದ ಹರಡಿನ ಒಳಗಂಟಿನ ಮೇಲೆ ಅಂಗೈಯಗಲ ಕಪ್ಪಾಗಿದೆ. ಸಂಜೆ ಹೊತ್ತಿಗೆ ಬಾವು ಬಂದು ಬೆಳಿಗ್ಗೆ ಇಳಿಯುತ್ತದೆ. ತುರಿಕೆಗೆ ಹಚ್ಚಿದ ಮುಲಾಮಿನಿಂದ ತಾತ್ಕಾಲಿಕ ಉಪಶಮನವಷ್ಟೇ ದೊರೆತಿದೆ. ಹುಣ್ಣಾಗಿಲ್ಲ, ಚರ್ಮ ಮೆತ್ತಗಿದೆ. ಇದು ಸಿ4 ಹಂತ, ಸ್ಕ್ಯಾನ್ ಅಗತ್ಯ.

ಸ್ಕ್ಯಾನ್‌ನಲ್ಲಿ ಆಳದ ನಾಳಗಳು ಅದುಮಿದಾಗ ಪೂರ್ತಿ ಮುಚ್ಚಿಕೊಳ್ಳುತ್ತವೆ, ಅವುಗಳಲ್ಲಿ ಹಿಮ್ಮುಖ ಹರಿವಿಲ್ಲ. ಗ್ರೇಟ್ ಸಫೀನಸ್ ಅಭಿಧಮನಿಯಲ್ಲಿ ತೊಡೆಸಂದಿನಿಂದ ಮಂಡಿಯ ಕೆಳಗಿನವರೆಗೆ 3 ಸೆಕೆಂಡುಗಳ ಹಿಮ್ಮುಖ ಹರಿವಿದೆ. ಹರಡಿನ ಒತ್ತಡ 134, ತೋಳಿನ ಒತ್ತಡ 130, ಅನುಪಾತ 1.03. ಇದರ ಅರ್ಥ ದೋಷ ಮೇಲ್ಪದರದ ಒಂದೇ ನಾಳದಲ್ಲಿದೆ, ರಕ್ತವನ್ನು ಹಿಂದಿರುಗಿಸಲು ಆಳದ ಮಾರ್ಗ ಸುಸ್ಥಿತಿಯಲ್ಲಿದೆ, ಅಪಧಮನಿಗಳೂ ಸರಿಯಿವೆ. ಕೆಟ್ಟ ನಾಳವನ್ನು ಮುಚ್ಚಿದರೆ ಒತ್ತಡ ತಗ್ಗುತ್ತದೆ.

ಅದೇ ವ್ಯಕ್ತಿಯು ಧೂಮಪಾನಿಯಾಗಿದ್ದು ಹರಡಿನ ಒತ್ತಡ 72 ಮಾತ್ರ ಇದ್ದಿದ್ದರೆ ಅನುಪಾತ 0.55 ಆಗುತ್ತಿತ್ತು. ಹೊರನೋಟಕ್ಕೆ ಕಾಲು ಹಾಗೆಯೇ ಕಂಡರೂ ಅಂಗಡಿಯಿಂದ ತಾನೇ ಕೊಂಡು ತೊಟ್ಟ ಬಿಗಿ ಕಾಲುಚೀಲ ಆಗ ಹಾನಿ ಮಾಡಬಹುದಿತ್ತು. ಇನ್ನು ಸ್ಕ್ಯಾನ್‌ನಲ್ಲಿ ಆಳದ ನಾಳವು ಹಳೆಯ ಹೆಪ್ಪಿನಿಂದ ಮುಚ್ಚಿಹೋಗಿರುವುದು ಕಂಡಿದ್ದರೆ, ಮೇಲ್ಪದರದ ನಾಳವೇ ರಕ್ತಕ್ಕೆ ಬದಲಿ ದಾರಿಯಾಗಿರುವ ಸಾಧ್ಯತೆಯಿದೆ. ಅದನ್ನು ಪರಿಶೀಲಿಸದೆ ಮುಚ್ಚಿದರೆ ಬಾವು ಹೆಚ್ಚಬಹುದು.

## ಚಿಕಿತ್ಸೆ ಮತ್ತು ಫಲಿತಾಂಶ

ನೈಸ್ ಮಾರ್ಗಸೂಚಿಯ ಪ್ರಕಾರ ಹಿಮ್ಮುಖ ಹರಿವು ಖಚಿತವಾದವರಿಗೆ ಮೊದಲ ಆಯ್ಕೆ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚುವುದು. ಸ್ಥಳೀಯ ಅರಿವಳಿಕೆಯಲ್ಲಿ ತೆಳ್ಳನೆಯ ಕೊಳವೆಯನ್ನು ನಾಳದೊಳಗೆ ತೂರಿಸಿ ಇದನ್ನು ಮಾಡುತ್ತಾರೆ. ರೋಗಿ ಅಂದೇ ನಡೆದಾಡಬಹುದು. ಅದು ಸೂಕ್ತವಲ್ಲದಿದ್ದರೆ ನೊರೆರೂಪದ ಔಷಧಿಯ ಚುಚ್ಚುಮದ್ದು, ಅದೂ ಸೂಕ್ತವಲ್ಲದಿದ್ದರೆ ಶಸ್ತ್ರಚಿಕಿತ್ಸೆ. ಇವು ಯಾವುವೂ ಒಗ್ಗದಿದ್ದಾಗ ಬಿಗಿ ಕಾಲುಚೀಲವನ್ನು ಮುಖ್ಯ ಚಿಕಿತ್ಸೆಯಾಗಿ ಬಳಸಲಾಗುತ್ತದೆ. ಅದನ್ನು ಬಾವು ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿಯೇ ತೊಡಬೇಕು.

ಹುಣ್ಣಾದ ರೋಗಿಗಳಲ್ಲಿ ಮೂಲ ದೋಷವನ್ನು ಸರಿಪಡಿಸುವುದರ ಲಾಭವನ್ನು ಎರಡು ಅಧ್ಯಯನಗಳು ತೋರಿಸಿವೆ. 2004ರ ಎಸ್ಕಾರ್ ಅಧ್ಯಯನದಲ್ಲಿ ಬಿಗಿಪಟ್ಟಿಯೊಡನೆ ಮೇಲ್ಪದರದ ನಾಳದ ಶಸ್ತ್ರಚಿಕಿತ್ಸೆಯನ್ನೂ ಪಡೆದವರಲ್ಲಿ ಒಂದು ವರ್ಷದೊಳಗೆ ಹುಣ್ಣು ಮರುಕಳಿಸಿದ ಪ್ರಮಾಣ ಶೇಕಡ 12. ಬಿಗಿಪಟ್ಟಿ ಮಾತ್ರ ಪಡೆದವರಲ್ಲಿ ಶೇಕಡ 28. 2018ರ ಎವ್ರಾ ಅಧ್ಯಯನದಲ್ಲಿ ನಾಳವನ್ನು ಬೇಗನೆ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ತೆಗೆದುಕೊಂಡ ಮಧ್ಯಕ ಅವಧಿ 56 ದಿನ, ತಡವಾಗಿ ಚಿಕಿತ್ಸೆ ಪಡೆದವರಲ್ಲಿ 82 ದಿನ.

ಚಿಕಿತ್ಸೆಯ ಬಳಿಕ ಭಾರ, ಬಾವು ಮತ್ತು ತುರಿಕೆ ಬೇಗ ತಗ್ಗುತ್ತವೆ. ಆದರೆ ಕಪ್ಪು ಬಣ್ಣ ಹಾಗೆ ಮಾಯವಾಗುವುದಿಲ್ಲ. ಚರ್ಮದಲ್ಲಿ ಕೂತ ಕಬ್ಬಿಣದ ಅಂಶ ಕರಗಲು ತಿಂಗಳುಗಳಿಂದ ವರ್ಷಗಳು ಬೇಕಾಗಬಹುದು, ಕೆಲವರಲ್ಲಿ ಕಲೆ ಶಾಶ್ವತವಾಗಿ ಉಳಿಯುತ್ತದೆ. ಚುಚ್ಚುಮದ್ದಿನ ಚಿಕಿತ್ಸೆಯಿಂದಲೇ ನಾಳದ ಗುಂಟ ಹೊಸ ಕಂದು ಗೆರೆ ಮೂಡುವುದೂ ಉಂಟು. ಆದ್ದರಿಂದ ಚಿಕಿತ್ಸೆಯ ಯಶಸ್ಸನ್ನು ಬಣ್ಣದಿಂದ ಅಳೆಯುವುದಿಲ್ಲ. ಕಪ್ಪು ಭಾಗ ಹರಡುವುದು ನಿಂತಿದೆಯೇ, ಚರ್ಮ ಮೆತ್ತಗಾಗುತ್ತಿದೆಯೇ, ಹುಣ್ಣಾಗದೆ ಉಳಿದಿದೆಯೇ ಎಂಬುದನ್ನು ನೋಡಲಾಗುತ್ತದೆ. ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವ ಅಥವಾ ಬೇರೆ ನಾಳದಲ್ಲಿ ಹೊಸದಾಗಿ ದೋಷ ಹುಟ್ಟುವ ಸಾಧ್ಯತೆಯೂ ಇರುವುದರಿಂದ, ಲಕ್ಷಣಗಳು ಮರಳಿದರೆ ಸ್ಕ್ಯಾನ್ ಅನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.